ಮೊದಲು ಕೂಡಿಸಿ, ಆಮೇಲೆ ವರ್ಗ ಮಾಡಿ

ಬಿ.ಎಸ್ಸಿ. ತರಗತಿಯಲ್ಲಿ ಕ್ವಾಂಟಂ ಭೌತಶಾಸ್ತ್ರದ ಪಾಠ ಶುರುವಾಗುವಾಗ ಮೇಷ್ಟ್ರು ತೋರಿಸುವ ಮೊದಮೊದಲ ಸ್ಲೈಡುಗಳಲ್ಲಿ ಒಂದು ಹೀಗಿರುತ್ತದೆ. ಮೇಲೆ ಏರಿಳಿಯುವ ಒಂದು ಗೆರೆ. ಅದರ ಪಕ್ಕದಲ್ಲಿ ತ್ರಿಶೂಲದ ಆಕಾರದ ಗ್ರೀಕ್ ಅಕ್ಷರ, ಸೈ. ಆ ಗೆರೆಗೆ ತರಂಗ ಫಲನ ಎಂದು ಹೆಸರು. ಕೆಳಗೆ ಒಂದೇ ಸಾಲು: ಸೈ ವರ್ಗವೆಂದರೆ ಸಂಭವನೀಯತೆ. ವಿದ್ಯಾರ್ಥಿಗಳು ಅದನ್ನು ಬರೆದುಕೊಳ್ಳುತ್ತಾರೆ, ಸ್ಲೈಡು ಮುಂದಕ್ಕೆ ಹೋಗುತ್ತದೆ. ಆ ಒಂದು ಸಾಲಿನೊಳಗೆ ಏನಿದೆ ಎಂಬುದನ್ನು ಕೂಡುವುದು, ಗುಣಿಸುವುದು ಇಷ್ಟನ್ನೇ ಇಟ್ಟುಕೊಂಡು ಇವತ್ತು ನೋಡೋಣ.

1926ರಲ್ಲಿ ಜ್ಯೂರಿಕ್‌ನಲ್ಲಿದ್ದ ಎರ್ವಿನ್ ಶ್ರೋಡಿಂಗರ್ ಒಂದು ಸಮೀಕರಣವನ್ನು ಪ್ರಕಟಿಸಿದರು. ಸೈ ಎಂಬ ಈ ಅಲೆ ಹೇಗೆ ಹರಡುತ್ತದೆ, ಕಾಲ ಕಳೆದಂತೆ ಹೇಗೆ ಬದಲಾಗುತ್ತದೆ ಎಂಬುದನ್ನು ಆ ಸಮೀಕರಣ ಹೇಳುತ್ತದೆ. ಅದರಿಂದ ಲೆಕ್ಕ ಹಾಕಿದರೆ ಹೈಡ್ರೋಜನ್ ಪರಮಾಣುವಿನ ಶಕ್ತಿಮಟ್ಟಗಳು ಪ್ರಯೋಗದಲ್ಲಿ ಕಂಡಂತೆಯೇ ಬಂದವು. ಆದರೆ ಅಲೆಯಾಗಿ ಏಳುತ್ತಿರುವುದು ಯಾವುದು? ಎಲೆಕ್ಟ್ರಾನೇ ಮೋಡದಂತೆ ಹರಡಿಕೊಂಡಿದೆ, ಅದರ ವಿದ್ಯುದಾವೇಶವೇ ಅಲ್ಲಲ್ಲಿ ಹಂಚಿಹೋಗಿದೆ ಎಂದು ಶ್ರೋಡಿಂಗರ್ ಭಾವಿಸಿದ್ದರು. ಇದಕ್ಕೊಂದು ತೊಡಕಿತ್ತು. ಎಲೆಕ್ಟ್ರಾನನ್ನು ಹಿಡಿಯಲು ಹೋದಾಗಲೆಲ್ಲ ಅದು ಇಡಿಯಾಗಿ, ಒಂದೇ ಜಾಗದಲ್ಲಿ ಸಿಗುತ್ತದೆ. ಅರ್ಧ ಎಲೆಕ್ಟ್ರಾನ್ ಇಲ್ಲಿ, ಇನ್ನರ್ಧ ಅಲ್ಲಿ ಎಂಬುದು ಎಂದೂ ಕಂಡಿಲ್ಲ.

ಅದೇ ವರ್ಷ ಗಟಿಂಗನ್ನಿನಲ್ಲಿ ಮ್ಯಾಕ್ಸ್ ಬಾರ್ನ್ ಎಲೆಕ್ಟ್ರಾನುಗಳು ಪರಮಾಣುವಿಗೆ ಡಿಕ್ಕಿ ಹೊಡೆದು ಚದುರುವುದನ್ನು ಲೆಕ್ಕ ಹಾಕುತ್ತಿದ್ದರು. ಎಲೆಕ್ಟ್ರಾನಿನ ಎಷ್ಟು ಪಾಲು ಎಲ್ಲಿದೆ ಎಂಬುದನ್ನು ಸೈ ಹೇಳುವುದಿಲ್ಲ, ಇಡೀ ಎಲೆಕ್ಟ್ರಾನ್ ಅಲ್ಲಿ ಸಿಗುವ ಸಂಭವ ಎಷ್ಟು ಎಂಬುದನ್ನು ಹೇಳುತ್ತದೆ ಎಂದು ಅವರು ಬರೆದರು. ಲೇಖನದ ಮೊದಲ ಬರಹದಲ್ಲಿ ಸಂಭವನೀಯತೆಯನ್ನು ನೇರವಾಗಿ ಸೈಗೇ ಜೋಡಿಸಿದ್ದರು. ಅಚ್ಚಿನ ಕರಡು ತಿದ್ದುವಾಗ ಒಂದು ಅಡಿಟಿಪ್ಪಣಿ ಸೇರಿಸಿದರು: ಸಂಭವನೀಯತೆ ಇರುವುದು ಸೈಗೆ ಅನುಗುಣವಾಗಿ ಅಲ್ಲ, ಅದರ ವರ್ಗಕ್ಕೆ ಅನುಗುಣವಾಗಿ. ಈ ವ್ಯಾಖ್ಯಾನವನ್ನೇ ಮುಖ್ಯವಾಗಿ ಹೆಸರಿಸಿ 1954ರಲ್ಲಿ ಬಾರ್ನ್ ಅವರಿಗೆ ನೊಬೆಲ್ ಬಹುಮಾನ ಕೊಟ್ಟರು.

ವರ್ಗ ಏಕೆ ಬೇಕು? ಸ್ಲೈಡಿನ ಗೆರೆ ಸೊನ್ನೆಯಿಂದ ಮೇಲಕ್ಕೂ ಹೋಗುತ್ತದೆ, ಕೆಳಕ್ಕೂ ಇಳಿಯುತ್ತದೆ. ಅಂದರೆ ಸೈ ಋಣ ಸಂಖ್ಯೆಯೂ ಆಗಬಹುದು. ಸಂಭವ ಋಣವಾಗಲು ಬರುವುದಿಲ್ಲ. ವರ್ಗ ಮಾಡಿದರೆ ಋಣ ಚಿಹ್ನೆ ಹೋಗುತ್ತದೆ. ನಿಜ ಹೇಳಬೇಕೆಂದರೆ ಸೈ ಬರೀ ಧನ ಋಣಗಳ ವಿಷಯವಷ್ಟೇ ಅಲ್ಲ. ಪ್ರತಿಯೊಂದು ಬಿಂದುವಿನಲ್ಲೂ ಒಂದು ಪುಟ್ಟ ಬಾಣವಿದೆ ಎಂದುಕೊಳ್ಳಿ. ಅದಕ್ಕೊಂದು ಉದ್ದ, ಒಂದು ದಿಕ್ಕು. ಕಾಗದದ ಮೇಲೆ ಅದು ಯಾವ ಕಡೆಗೆ ಬೇಕಾದರೂ ತಿರುಗಿರಬಹುದು. ಗಣಿತದವರು ಇದನ್ನೇ ಸಮ್ಮಿಶ್ರ ಸಂಖ್ಯೆ ಎನ್ನುತ್ತಾರೆ. ಬಾಣದ ಉದ್ದದ ವರ್ಗ ನಮಗೆ ಸಂಭವವನ್ನು ಕೊಡುತ್ತದೆ. ವರ್ಗ ಮಾಡಿದ ಕೂಡಲೇ ದಿಕ್ಕು ಅಳಿಸಿಹೋಗುತ್ತದೆ. ಹಾಗಾದರೆ ಆ ದಿಕ್ಕು ಯಾವ ಕೆಲಸಕ್ಕೆ? ಇಡೀ ವಿಷಯದ ತಿರುಳು ಇರುವುದು ಈ ಪ್ರಶ್ನೆಯಲ್ಲಿ. ಅದಕ್ಕೆ ಉತ್ತರವನ್ನು ಒಂದು ಪ್ರಯೋಗದಲ್ಲಿ ಹುಡುಕೋಣ.

ಜಪಾನಿನ ಹಿಟಾಚಿ ಸಂಸ್ಥೆಯ ಅಕಿರಾ ತೊನೊಮುರ ಮತ್ತು ಸಂಗಡಿಗರು 1989ರಲ್ಲಿ ಇದನ್ನು ಪ್ರಕಟಿಸಿದರು. ಒಂದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದೊಳಗೆ ಬಹಳ ಸಣ್ಣ ತಂತಿಯೊಂದನ್ನು ಕಟ್ಟಿದ್ದರು. ಎಲೆಕ್ಟ್ರಾನಿಗೆ ತಂತಿಯ ಎಡಬದಿ ಒಂದು ದಾರಿ, ಬಲಬದಿ ಇನ್ನೊಂದು. ತಂತಿಗೆ ಧನ ವಿದ್ಯುತ್ತು ಕೊಟ್ಟಾಗ ಎರಡೂ ದಾರಿಗಳು ಒಳಕ್ಕೆ ಬಾಗಿ, ಕೆಳಗಿನ ಪರದೆಯ ಮೇಲೆ ಒಂದರ ಮೇಲೊಂದು ಬೀಳುತ್ತವೆ. ಪಠ್ಯಪುಸ್ತಕದಲ್ಲಿ ನೋಡುವ ಎರಡು ಸೀಳುಗಂಡಿಗಳ ಕೆಲಸವನ್ನು ಇಲ್ಲಿ ಆ ತಂತಿ ಮಾಡುತ್ತದೆ.

ಎಲೆಕ್ಟ್ರಾನುಗಳು 50,000 ವೋಲ್ಟಿನ ಒತ್ತಡದಲ್ಲಿ, ಬೆಳಕಿನ ವೇಗದ ಸುಮಾರು ಶೇಕಡಾ 40ರಷ್ಟು ವೇಗದಲ್ಲಿ ಹೊರಟವು. ಸೆಕೆಂಡಿಗೆ ಸುಮಾರು ಸಾವಿರ ಮಾತ್ರ ಬರುವಷ್ಟು ಅವುಗಳ ಸಂಖ್ಯೆಯನ್ನು ತಗ್ಗಿಸಿದ್ದರು. ಆ ವೇಗದಲ್ಲಿ ಒಂದು ಎಲೆಕ್ಟ್ರಾನಿಗೂ ಮುಂದಿನದಕ್ಕೂ ನಡುವೆ ಸರಾಸರಿ ನೂರು ಕಿಲೋಮೀಟರಿಗೂ ಮಿಕ್ಕಿ ಅಂತರವಿರುತ್ತದೆ. ಉಪಕರಣವೋ ಒಂದೆರಡು ಮೀಟರಿನದು. ಆದ್ದರಿಂದ ಎರಡು ಎಲೆಕ್ಟ್ರಾನುಗಳು ಒಳಗೆ ಪರಸ್ಪರ ಎದುರಾಗುವ ಸಂದರ್ಭವೇ ಇಲ್ಲವೆನ್ನಬಹುದು. ಒಂದು ಬಂದು ಮುಟ್ಟಿದ ಎಷ್ಟೋ ಹೊತ್ತಿನ ಮೇಲೆ ಇನ್ನೊಂದು ಹೊರಡುತ್ತದೆ.

ಪರದೆಯ ಮೇಲೆ ಕಂಡದ್ದೇನು? ಒಂದೊಂದು ಎಲೆಕ್ಟ್ರಾನಿಗೂ ಒಂದೊಂದು ಚುಕ್ಕೆ. ಹತ್ತು ಬಿದ್ದಾಗ ಎಲ್ಲೆಂದರಲ್ಲಿ ಚೆಲ್ಲಿದಂತಿತ್ತು. ನೂರು ಬಿದ್ದಾಗಲೂ ಅದರಲ್ಲಿ ಕ್ರಮವೇನೂ ಕಾಣಲಿಲ್ಲ. 3,000 ಆದಾಗ ಪಟ್ಟೆಗಳು ಮಸುಕಾಗಿ ಮೂಡತೊಡಗಿದವು. 70,000 ಆಗುವಷ್ಟರಲ್ಲಿ ಚುಕ್ಕೆಗಳು ಕಿಕ್ಕಿರಿದ ಪಟ್ಟೆ, ಚುಕ್ಕೆಗಳು ವಿರಳವಾದ ಪಟ್ಟೆ, ಮತ್ತೆ ಕಿಕ್ಕಿರಿದ ಪಟ್ಟೆ, ಹೀಗೆ ಸಾಲಾಗಿ ಸ್ಪಷ್ಟವಾಗಿ ನಿಂತವು. ಮುಂದಿನ ಚುಕ್ಕೆ ಎಲ್ಲಿ ಬೀಳುತ್ತದೆಂದು ಯಾರೂ ಹೇಳಲಾರರು. ಸಾವಿರಾರು ಚುಕ್ಕೆಗಳು ಯಾವ ಆಕಾರ ತಾಳುತ್ತವೆ ಎಂಬುದನ್ನು ಮಾತ್ರ ಸೈ ಮೊದಲೇ ಹೇಳುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಅಂಕಿಗಳು ನಾನು ಉದಾಹರಣೆಗೆಂದು ಇಟ್ಟುಕೊಂಡವು. ಪರದೆಯ ಮೇಲೆ ಸಣ್ಣದೊಂದು ಪಟ್ಟಿಯನ್ನು ಗುರುತು ಮಾಡಿ. ಎಡದಾರಿಯಿಂದ ಅಲ್ಲಿಗೆ ಬರುವ ಬಾಣದ ಉದ್ದ 0.1, ಬಲದಾರಿಯಿಂದ ಬರುವುದರ ಉದ್ದವೂ 0.1. ಬಲದಾರಿಯನ್ನು ಮುಚ್ಚಿದರೆ ಎಡದ ಬಾಣ ಮಾತ್ರ ಉಳಿಯುತ್ತದೆ. ಅದರ ವರ್ಗ 0.01. ಹತ್ತು ಸಾವಿರ ಎಲೆಕ್ಟ್ರಾನುಗಳನ್ನು ಬಿಟ್ಟರೆ ಆ ಪಟ್ಟಿಯಲ್ಲಿ ಸುಮಾರು ನೂರು ಬೀಳುತ್ತವೆ. ಎಡದಾರಿಯನ್ನು ಮುಚ್ಚಿದರೂ ಅಷ್ಟೇ, ಇನ್ನೊಂದು ನೂರು.

ಎರಡನ್ನೂ ತೆರೆದರೆ? ಎರಡು ತೂತುಗಳಿಂದ ಉದುರುವ ಸಾಸಿವೆ ಕಾಳಾಗಿದ್ದರೆ ನೂರಕ್ಕೆ ನೂರು ಸೇರಿ ಇನ್ನೂರು ಆಗುತ್ತಿತ್ತು, ಅನುಮಾನವೇ ಇಲ್ಲ. ಎಲೆಕ್ಟ್ರಾನಿನ ವಿಷಯದಲ್ಲಿ ಮೊದಲು ಬಾಣಗಳನ್ನು ಕೂಡಿಸಬೇಕು, ವರ್ಗ ಆಮೇಲೆ. ಎರಡು ಬಾಣಗಳೂ ಒಂದೇ ದಿಕ್ಕಿಗಿದ್ದರೆ ಮೊತ್ತ 0.2, ಅದರ ವರ್ಗ 0.04. ಪಟ್ಟಿಯಲ್ಲಿ ಬೀಳುವುದು ಇನ್ನೂರಲ್ಲ, ನಾನೂರು. ಬಾಣಗಳು ಎದುರುಬದುರಾಗಿದ್ದರೆ ಮೊತ್ತ ಸೊನ್ನೆ, ವರ್ಗವೂ ಸೊನ್ನೆ. ಒಂದೊಂದು ದಾರಿ ತೆರೆದಾಗ ನೂರು ನೂರು ಬೀಳುತ್ತಿದ್ದ ಜಾಗಕ್ಕೆ ಎರಡೂ ದಾರಿ ತೆರೆದಾಗ ಒಂದೂ ಬರುವುದಿಲ್ಲ. ಬಾಣಗಳು ಲಂಬಕೋನದಲ್ಲಿದ್ದರೆ ಮಾತ್ರ ಇನ್ನೂರು ಬರುತ್ತದೆ. ಪರದೆಯ ಉದ್ದಕ್ಕೂ ಸಾಗಿದಂತೆ ಎರಡು ದಾರಿಗಳ ಉದ್ದದ ವ್ಯತ್ಯಾಸ ಬದಲಾಗುತ್ತದೆ, ಅದರಂತೆ ಬಾಣಗಳ ನಡುವಿನ ಕೋನವೂ ತಿರುಗುತ್ತ ಹೋಗುತ್ತದೆ. ಹೀಗೆ ನಾನೂರರ ಪಟ್ಟಿ, ಸೊನ್ನೆಯ ಪಟ್ಟಿ, ಮತ್ತೆ ನಾನೂರರ ಪಟ್ಟಿ ಸಾಲಾಗಿ ಬರುತ್ತವೆ. ಸರಾಸರಿ ತೆಗೆದರೆ ಇನ್ನೂರೇ. ಎಲೆಕ್ಟ್ರಾನುಗಳು ಎಲ್ಲೂ ಕಳೆದುಹೋಗಿಲ್ಲ, ಹಂಚಿಕೆ ಬದಲಾಗಿದೆ ಅಷ್ಟೆ. ಬಾಣದ ದಿಕ್ಕಿನ ಕೆಲಸ ಇದು.

ನಿಜವಾದ ಪ್ರಯೋಗದಲ್ಲಿ ಅಂಕಿಗಳು ಇಷ್ಟು ಚೊಕ್ಕವಾಗಿ ಬರುವುದಿಲ್ಲ. ನಾನೂರು ಎಂದು ಲೆಕ್ಕ ಹಾಕಿದ ಕಡೆ 385 ಬರಬಹುದು, 415 ಬರಬಹುದು. ಸಂಖ್ಯೆಯ ವರ್ಗಮೂಲದಷ್ಟು, ಇಲ್ಲಿ ಸುಮಾರು ಇಪ್ಪತ್ತರಷ್ಟು, ಏರುಪೇರು ಸಹಜ. ಉಪಕರಣ ಕೊಂಚ ಅದುರಿದರೂ ಸೊನ್ನೆಯ ಪಟ್ಟಿಗೆ ಕೆಲವು ಚುಕ್ಕೆಗಳು ಸೇರುತ್ತವೆ. ಆದರೆ ಅಲ್ಲಿಯ ಎಣಿಕೆ ಇನ್ನೂರಿಗಿಂತ ಬಹಳ ಕೆಳಗಿದೆಯೇ ಎಂದು ನೋಡಿದರೆ ಸಾಕು, ಕೂಡಿದ್ದು ಬಾಣಗಳೇ ಎಂದು ಗೊತ್ತಾಗುತ್ತದೆ.

ಸ್ಲೈಡನ್ನು ಓದುವವರು ಎಡವುವುದು ಇಲ್ಲಿಯೇ. ಸಂಭವನೀಯತೆ ಎಂದ ಕೂಡಲೇ ನಮಗೆ ಹೊಳೆಯುವುದು, ಎಲೆಕ್ಟ್ರಾನ್ ಯಾವುದೋ ಒಂದು ದಾರಿಯಲ್ಲಿ ಹೋಗಿಯೇ ಇರುತ್ತದೆ, ಯಾವುದೆಂದು ನಮಗೆ ಗೊತ್ತಿಲ್ಲ ಎಂಬ ಅರ್ಥ. ಇನ್ನೊಂದು ದಾರಿಯ ಸುಳಿವೇ ಇಲ್ಲದೆ ಪ್ರತಿ ಎಲೆಕ್ಟ್ರಾನೂ ಒಂದೇ ದಾರಿಯಲ್ಲಿ ಹೋಗಿದ್ದರೆ ನೂರು ನೂರು ಸೇರಿ ಎಲ್ಲ ಕಡೆ ಇನ್ನೂರೇ ಬರಬೇಕಿತ್ತು. ಆ ಸೊನ್ನೆಯ ಪಟ್ಟಿಗೆ ವಿವರಣೆ ಸಿಗುತ್ತಿರಲಿಲ್ಲ. ಇಲ್ಲಿಯ ಸಂಭವ ಬರೀ ನಮ್ಮ ತಿಳಿವಳಿಕೆಯ ಕೊರತೆಯಲ್ಲ.

ಇನ್ನೊಂದು ತಪ್ಪು ಚಿಕ್ಕದು, ಆದರೆ ಪರೀಕ್ಷೆಯಲ್ಲಿ ಬಹಳ ಕಾಡುತ್ತದೆ. ಒಂದು ಬಿಂದುವಿನಲ್ಲಿ ಸೈ ವರ್ಗದ ಬೆಲೆಯೇ ಅಲ್ಲಿಯ ಸಂಭವ ಎಂದುಕೊಳ್ಳುವುದು. ಬಿಂದುವಿಗೆ ಅಗಲವಿಲ್ಲ, ಅಲ್ಲೇ ಕರಾರುವಾಕ್ಕಾಗಿ ಸಿಗುವ ಸಂಭವ ಸೊನ್ನೆ. ಸೈ ವರ್ಗವೆಂಬುದು ಸಾಂದ್ರತೆ. ಅದನ್ನು ಪಟ್ಟಿಯ ಅಗಲದಿಂದ ಗುಣಿಸಿದಾಗ ಆ ಪಟ್ಟಿಯೊಳಗೆ ಎಲೆಕ್ಟ್ರಾನ್ ಸಿಗುವ ಸಂಭವ ಬರುತ್ತದೆ. ಹಾಗಾಗಿಯೇ ನಮ್ಮ ಲೆಕ್ಕದಲ್ಲಿ ಬಿಂದುವಿನ ಬದಲು ಪಟ್ಟಿ ಇಟ್ಟುಕೊಂಡು, ಅದರ ಅಗಲವನ್ನು ಮೊದಲೇ ಬಾಣದ ಅಂಕಿಯಲ್ಲಿ ಸೇರಿಸಿಬಿಟ್ಟೆವು. ಎಲ್ಲ ಪಟ್ಟಿಗಳ ಸಂಭವಗಳನ್ನು ಕೂಡಿದರೆ ಮೊತ್ತ ಒಂದೇ ಆಗಬೇಕು. ಎಲೆಕ್ಟ್ರಾನ್ ಎಲ್ಲಾದರೂ ಒಂದು ಕಡೆ ಸಿಗಲೇಬೇಕಲ್ಲ.

ಹಾಗಾದರೆ ಇನ್ನೂರು ಎಂಬ ಉತ್ತರ ಯಾವಾಗ ಬರುತ್ತದೆ? ಎಲೆಕ್ಟ್ರಾನ್ ಯಾವ ದಾರಿಯಲ್ಲಿ ಬಂತೆಂಬ ಗುರುತು ಎಲ್ಲಾದರೂ ಉಳಿದರೆ. ದಾರಿಯಲ್ಲಿ ಪತ್ತೆಗೊಂದು ಸಾಧನ ಇಟ್ಟ ಕೂಡಲೇ ಎಡ ಬಲಗಳ ಬಾಣಗಳನ್ನು ಕೂಡಿಸುವಂತಿಲ್ಲ. ಒಂದೊಂದನ್ನೂ ಬೇರೆ ಬೇರೆಯಾಗಿ ವರ್ಗ ಮಾಡಿ ಕೂಡಬೇಕು. ನೂರಕ್ಕೆ ನೂರು, ಇನ್ನೂರು. ಪಟ್ಟೆಗಳು ಮಾಯ. ಆ ಗುರುತನ್ನು ಮನುಷ್ಯರೇ ಓದಬೇಕೆಂದಿಲ್ಲ.

ಇದನ್ನು ವಿಯೆನ್ನಾದ ವಿಜ್ಞಾನಿಗಳು ಬಲು ಚೆನ್ನಾಗಿ ತೋರಿಸಿದ್ದಾರೆ. 1999ರಲ್ಲಿ ಅವರು 60 ಇಂಗಾಲದ ಪರಮಾಣುಗಳ ಫುಲ್ಲರೀನ್ ಅಣುಗಳಲ್ಲೂ ಇಂಥ ಪಟ್ಟೆಗಳನ್ನು ಕಂಡರು. ಮುಂದೆ 2003ರಲ್ಲಿ 70 ಇಂಗಾಲದ ಅಣುಗಳನ್ನಿಟ್ಟು, ನಿರ್ವಾತ ಕೊಠಡಿಯೊಳಕ್ಕೆ ಸ್ವಲ್ಪಸ್ವಲ್ಪವೇ ಅನಿಲ ಬಿಡುತ್ತ ಹೋದರು. ಅನಿಲದ ಒತ್ತಡ ಏರಿದಂತೆ ಪಟ್ಟೆಗಳು ಒಮ್ಮೆಗೇ ಅಳಿಯಲಿಲ್ಲ, ಹಂತಹಂತವಾಗಿ ಮಸುಕಾದವು. ಹಾರುವ ಅಣುವಿಗೆ ಡಿಕ್ಕಿ ಹೊಡೆದ ಪ್ರತಿ ಅನಿಲದ ಕಣವೂ ಅದು ಬಂದ ದಾರಿಯ ಗುರುತನ್ನು ಹೊತ್ತುಕೊಂಡು ಹೋಗುತ್ತದೆ. ಗಾಳಿಯಲ್ಲಿ ತೇಲುವ ಧೂಳಿನ ಕಣಕ್ಕೆ ಕ್ಷಣಕ್ಕೆ ಲೆಕ್ಕವಿಲ್ಲದಷ್ಟು ಡಿಕ್ಕಿ. ಅದರ ಮಟ್ಟಿಗೆ ಎಲ್ಲ ಕಡೆ ಬರುವುದು ಇನ್ನೂರರ ಲೆಕ್ಕವೇ. ನಮ್ಮ ದಿನನಿತ್ಯದ ಸಂಭವನೀಯತೆ ಹೀಗೆ ಆ ದೊಡ್ಡ ನಿಯಮದ ಒಳಗೇ ಸೇರಿಹೋಗುತ್ತದೆ.

ಇಷ್ಟರಿಂದ ಬಗೆಹರಿಯದ ಪ್ರಶ್ನೆಯೊಂದಿದೆ. ಪರದೆಯ ತುಂಬ ಹರಡಿದ ಸಂಭವಗಳಲ್ಲಿ ಈ ಸಲದ ಚುಕ್ಕೆ ಇಲ್ಲಿಯೇ ಏಕೆ ಬಿತ್ತು ಎಂಬುದಕ್ಕೆ ಶ್ರೋಡಿಂಗರ್ ಸಮೀಕರಣದಲ್ಲಿ ಉತ್ತರವಿಲ್ಲ. ಬಾರ್ನ್ ನಿಯಮ ಅದಕ್ಕೆ ಹೊರಗಿನಿಂದ ಸೇರಿಸಿದ ಇನ್ನೊಂದು ನಿಯಮ. ಇವೆರಡನ್ನೂ ಒಂದೇ ನೆಲೆಗೆ ತರುವುದು ಹೇಗೆಂಬುದರ ಬಗ್ಗೆ ಭೌತಶಾಸ್ತ್ರಜ್ಞರಲ್ಲಿ ಇಂದಿಗೂ ಒಮ್ಮತವಿಲ್ಲ. ಎಷ್ಟು ಬೀಳುತ್ತವೆ ಎಂಬ ಲೆಕ್ಕದಲ್ಲಿ ಮಾತ್ರ ಯಾರಿಗೂ ತಕರಾರಿಲ್ಲ: ದಾರಿಯ ಗುರುತು ಎಲ್ಲೂ ಉಳಿಯದಿದ್ದರೆ ಬಾಣಗಳನ್ನು ಕೂಡಿ ವರ್ಗ ಮಾಡಿ, ಉಳಿದಿದ್ದರೆ ವರ್ಗ ಮಾಡಿ ಕೂಡಿ.