ಓವಿಟ್ ನೆಲ ಕಚ್ಚಿದ್ದು ರೋಟರ್‌ಡ್ಯಾಮ್‌ನಲ್ಲೇ

ಇವತ್ತು ಹತ್ತೊಂಬತ್ತು ನಿಮಿಷದ ಒಂದು ಕತೆಯಿಂದ ಶುರು ಮಾಡ್ತೀನಿ. ಹಡಗಿನ ಕೆಲಸ ಬಿಟ್ಟು ಎಷ್ಟೋ ವರ್ಷ ಆಯ್ತು, ಆದರೂ ಈ ಹತ್ತೊಂಬತ್ತು ನಿಮಿಷ ನನ್ನ ತಲೆಯಿಂದ ಇಳಿದಿಲ್ಲ.

2013ರ ಸೆಪ್ಟೆಂಬರ್ 18, ಬೆಳಗಿನ ಜಾವ. ಓವಿಟ್ ಅಂತ ಮಾಲ್ಟಾ ಬಾವುಟದ ಒಂದು ಕೆಮಿಕಲ್ ಟ್ಯಾಂಕರ್. ಹೊಟ್ಟೆಯಲ್ಲಿ ಖಾದ್ಯತೈಲ. ನೆದರ್ಲೆಂಡ್ಸ್‌ನ ರೋಟರ್‌ಡ್ಯಾಮ್ ಬಿಟ್ಟು ಇಟಲಿಯ ಬ್ರಿಂಡಿಸಿಗೆ ಹೊರಟಿದೆ. ಇಂಗ್ಲೆಂಡ್, ಫ್ರಾನ್ಸ್ ನಡುವಿನ ಡೋವರ್ ಜಲಸಂಧಿಯಲ್ಲಿ ವಾರ್ನ್ ಬ್ಯಾಂಕ್ ಅನ್ನೋ ಉದ್ದನೆಯ ಮರಳದಿಬ್ಬ ನೀರಿನಡಿ ಮಲಗಿದೆ. ಅದು ಗುಟ್ಟಿನ ದಿಬ್ಬ ಅಲ್ಲ. ಅಲ್ಲಿ ಓಡಾಡೋ ಪ್ರತಿ ನಾವಿಕನಿಗೂ ಗೊತ್ತು, ಸುತ್ತ ದೀಪದ ಬೋಯೆಗಳು ಮಿನುಗ್ತಾ ಇರ್ತವೆ. ಓವಿಟ್ ನೇರ ಹೋಗಿ ಅದರ ಮೇಲೆ ಕೂತಿತು. ಡ್ಯೂಟಿಯಲ್ಲಿದ್ದ ಅಧಿಕಾರಿಗೆ ಹಡಗು ನಿಂತಿದೆ ಅಂತ ಗೊತ್ತಾಗೋಕೆ ಹತ್ತೊಂಬತ್ತು ನಿಮಿಷ ಬೇಕಾಯ್ತು.

ನಮ್ಮ ಕರಾವಳಿಯಲ್ಲಿ ಅಳಿವೆ ಬಾಗಿಲಲ್ಲಿ ದೋಣಿಯ ಅಡಿ ಮರಳಿಗೆ ತಾಗಿದರೆ, ಒಳಗೆ ನಿದ್ದೆ ಮಾಡ್ತಿದ್ದವನೂ ಎದ್ದು ಕೂರ್ತಾನೆ. ಇಲ್ಲಿ ಎದ್ದಿದ್ದವನಿಗೇ ಗೊತ್ತಾಗಲಿಲ್ಲ. ಯಾಕಂದ್ರೆ ಅವನು ಸಮುದ್ರ ನೋಡ್ತಿರಲಿಲ್ಲ, ಪರದೆ ನೋಡ್ತಿದ್ದ. ಪರದೆಯಲ್ಲಿ ಹಡಗು ಗೆರೆಯ ಮೇಲೇ ಇತ್ತು. ಗೆರೆ ದಿಬ್ಬದ ಮೇಲಿತ್ತು. ಅಷ್ಟೇ.

ಈ ಪರದೆಗೆ ಎಕ್ಡಿಸ್ ಅಂತೀವಿ, ಹಡಗಿನ ಎಲೆಕ್ಟ್ರಾನಿಕ್ ನಕ್ಷೆಯ ವ್ಯವಸ್ಥೆ. ಅದು ಏನು, ಯಾವಾಗ ಕಡ್ಡಾಯ ಆಯ್ತು ಅನ್ನೋದೆಲ್ಲ ಹುಡುಕಿದರೆ ಸಿಗುತ್ತೆ, ಅದಕ್ಕೆ ಸಮಯ ಹಾಕಲ್ಲ. ನನ್ನ ಜಗಳ ಬೇರೆ. ಈ ಅಪಘಾತದ ಮಾತು ಬಂದಾಗಲೆಲ್ಲ ಜನ ಹೇಳೋದು ಒಂದೇ: "ಅಲಾರಂ ಹೊಡೀಲಿಲ್ಲವಂತೆ, ಅದಕ್ಕೇ ಆಯ್ತು." ಹೌದು, ಓವಿಟ್‌ನ ಎಕ್ಡಿಸ್‌ನಲ್ಲಿ ಶಬ್ದದ ಅಲಾರಂ ಕೆಲಸ ಮಾಡ್ತಿರಲಿಲ್ಲ. ಬ್ರಿಟಿಷ್ ತನಿಖಾ ಸಂಸ್ಥೆ ಎಂಎಐಬಿ ತನ್ನ ವರದಿಯಲ್ಲಿ ಅದನ್ನ ಬರೆದಿದೆ. ಆದರೆ ಅದೇ ವರದಿ ಇನ್ನೊಂದು ಮಾತನ್ನೂ ಹೇಳುತ್ತೆ. ಆ ದಾರಿಯನ್ನ ಹಾಕಿದ್ದು ಅನುಭವ ಇಲ್ಲದ ಒಬ್ಬ ಕಿರಿಯ ಅಧಿಕಾರಿ, ಮೇಲೆ ಯಾರೂ ನೋಡಿಕೊಳ್ಳದೆ. ಹಡಗು ಹೊರಡೋ ಮೊದಲು ಕ್ಯಾಪ್ಟನ್ ಅದನ್ನ ಪರಿಶೀಲಿಸಲಿಲ್ಲ. ಅಂದ್ರೆ ಹಗ್ಗ ಬಿಚ್ಚೋ ಹೊತ್ತಿಗೇ ಹಡಗು ಲೆಕ್ಕದಲ್ಲಿ ದಿಬ್ಬ ಹತ್ತಿ ಆಗಿತ್ತು. ಅಲಾರಂ ಇದ್ದಿದ್ದರೆ ಉಳೀತಿತ್ತೇನೋ. ಆದರೆ ಅದು ಕೊನೆಯ ಬಾಗಿಲು. ಮೊದಲ ಬಾಗಿಲು ತೆರೆದಿಟ್ಟು ಕೊನೆಯದಕ್ಕೆ ಬೀಗ ಇರಲಿಲ್ಲ ಅಂತ ಅಳೋದು ನನಗೆ ಸರಿ ಕಾಣಲ್ಲ.

ಸರಿ, ಮೊದಲ ಬಾಗಿಲು ಯಾವುದು? ಒಂದು ಸಂಖ್ಯೆ. ಸೇಫ್ಟಿ ಕಾಂಟೂರ್ ಅಂತ. ಇದಕ್ಕಿಂತ ಕಮ್ಮಿ ಆಳದ ನೀರು ನನ್ನ ಹಡಗಿಗೆ ಬೇಡ ಅಂತ ಯಂತ್ರಕ್ಕೆ ನಾವು ಹೇಳಿಕೊಡೋ ಗಡಿ.

ಒಂದು ಲೆಕ್ಕ ಮಾಡೋಣ. ಹಡಗು ನೀರಿನಲ್ಲಿ 8 ಮೀಟರ್ ಮುಳುಗಿದೆ ಅಂದ್ಕೊಳ್ಳಿ, ಅದೇ ಡ್ರಾಫ್ಟ್. ಆಳ ಕಮ್ಮಿ ಇರೋ ನೀರಲ್ಲಿ ವೇಗವಾಗಿ ಹೋದರೆ ಹಡಗು ಇನ್ನಷ್ಟು ಕುಸಿಯುತ್ತೆ, ಅದಕ್ಕೆ ಸ್ಕ್ವಾಟ್ ಅಂತಾರೆ. ತೆರೆದ ನೀರಿಗೆ ಒಂದು ಒರಟು ಸೂತ್ರ ಇದೆ: ನಾಟ್‌ನಲ್ಲಿ ವೇಗವನ್ನ ಅದರಿಂದಲೇ ಗುಣಿಸಿ, ಹಡಗಿನ ಆಕಾರದ ಗುಣಾಂಕದಿಂದ ಇನ್ನೊಮ್ಮೆ ಗುಣಿಸಿ, ನೂರರಿಂದ ಭಾಗಿಸಿ. ಗುಣಾಂಕ 0.75, ವೇಗ 12 ನಾಟ್ ಆದರೆ ಸುಮಾರು 1.1 ಮೀಟರ್ ಕುಸಿತ. ವೇಗ 6ಕ್ಕೆ ಇಳಿಸಿದರೆ ಕುಸಿತ ಅರ್ಧ ಆಗಲ್ಲ, ಕಾಲು ಭಾಗಕ್ಕೆ ಬರುತ್ತೆ. ಇನ್ನು ಹಡಗಿನ ತಳಕ್ಕೂ ಸಮುದ್ರದ ನೆಲಕ್ಕೂ ನಡುವೆ ಇಷ್ಟು ನೀರು ಇರಲೇಬೇಕು ಅಂತ ಕಂಪನಿಯ ನಿಯಮ ಇರುತ್ತೆ. ಡ್ರಾಫ್ಟಿನ ಶೇಕಡಾ 20 ಅಂತಿಟ್ಕೊಳ್ಳಿ, 1.6 ಮೀಟರ್. ಎಲ್ಲಾ ಕೂಡಿದರೆ 10.7. ಹನ್ನೊಂದು ಅನ್ನೋಣ.

ಹನ್ನೊಂದು ಅಂತ ಒತ್ತಿದಿರಿ. ಯಂತ್ರ ಹನ್ನೊಂದನ್ನ ತಗೊಳ್ಳಲ್ಲ! ನಕ್ಷೆಯೊಳಗೆ ಆಳದ ರೇಖೆಗಳು ಎಲ್ಲೆಲ್ಲಿ ಎಳೆದಿದಾರೋ ಅಲ್ಲಷ್ಟೇ ಅದು ಗಡಿ ಹಾಕಬಲ್ಲದು. ಬಹಳ ನಕ್ಷೆಗಳಲ್ಲಿ 5, 10, 20, 30 ಮೀಟರ್ ರೇಖೆಗಳಷ್ಟೇ ಇರ್ತವೆ. ಹನ್ನೊಂದರ ರೇಖೆ ಇಲ್ಲ, ಹಾಗಾಗಿ ಅದಕ್ಕಿಂತ ಆಳದ ಮುಂದಿನ ರೇಖೆಗೆ, 20ಕ್ಕೆ ಹಾರುತ್ತೆ. ಈಗ 12 ಮೀಟರ್ ನೀರು, 18 ಮೀಟರ್ ನೀರು, ನಿಮ್ಮ ಹಡಗು ಆರಾಮಾಗಿ ಹೋಗಬಹುದಾದ ಜಾಗ ಎಲ್ಲವೂ ಪರದೆಯಲ್ಲಿ ಅಪಾಯದ ನೀಲಿ. ಇನ್ನು ನೀವು ಏನನ್ನೂ ಒತ್ತದೆ ಬಿಟ್ಟರೆ ಅದು ತಾನಾಗಿ 30 ಮೀಟರ್ ಇಟ್ಕೊಳ್ಳುತ್ತೆ. ಕರ್ನಾಟಕದ ಕರಾವಳಿಗೆ ಬರೋ ಹಡಗು ಪಣಂಬೂರಿನ ಬ್ರೇಕ್‌ವಾಟರ್ ಕಣ್ಣಿಗೆ ಬೀಳೋಕೆ ಎಷ್ಟೋ ಮೊದಲೇ 30 ಮೀಟರ್ ರೇಖೆ ದಾಟಿರುತ್ತೆ. ಅಲ್ಲಿಂದ ಬಂದರಿನವರೆಗೂ ಯಂತ್ರದ ಕಣ್ಣಲ್ಲಿ ನೀವು ಅಪಾಯದೊಳಗೇ ಇದ್ದೀರಿ.

ಇಲ್ಲೇ ನನಗೆ ಸಿಟ್ಟು ಬರೋದು. "ದೊಡ್ಡ ಸಂಖ್ಯೆ ಇಟ್ಟರೆ ಇನ್ನೂ ಸೇಫ್ ಅಲ್ವಾ?" ಅಂತ ಕೇಳೋರಿದಾರೆ. ಅಲ್ಲ. ಸದಾ ಬಡ್ಕೊಳ್ಳೋ ಅಲಾರಂನ್ನ ಮನುಷ್ಯ ಕೇಳಿಸಿಕೊಳ್ಳಲ್ಲ, ಆಫ್ ಮಾಡ್ತಾನೆ. 2016ರ ಡಿಸೆಂಬರ್‌ನಲ್ಲಿ ಮುರೋಸ್ ಅನ್ನೋ ಸರಕು ಹಡಗು ಇಂಗ್ಲೆಂಡಿನ ಪೂರ್ವ ಕರಾವಳಿಯ ಹೇಸ್‌ಬರೋ ಮರಳದಿಬ್ಬದ ಮೇಲೆ ಹತ್ತಿತು. ಅಲ್ಲೂ ಎಕ್ಡಿಸ್‌ನಲ್ಲೇ ದಾರಿ ಬದಲಿಸಿದ್ದರು, ಅಲ್ಲೂ ಹೊಸ ಗೆರೆ ದಿಬ್ಬದ ಮೇಲೇ ಇತ್ತು. ಆದರೆ ಶಬ್ದ ಕೆಟ್ಟಿರಲಿಲ್ಲ, ನಿಲ್ಲಿಸಿದ್ದರು.

ಒಂದು ನಿಮಿಷ, ಹಿಂದೆ ಹೋಗಿ ಸ್ಪಷ್ಟ ಮಾಡಬೇಕು. 20ಕ್ಕೆ ಹಾರಿದರೆ 11ರ ಲೆಕ್ಕ ದಂಡ ಆಯ್ತಾ ಅಂತ ನೀವು ಕೇಳಬಹುದು. ಇಲ್ಲ. ಸೇಫ್ಟಿ ಡೆಪ್ತ್ ಅಂತ ಇನ್ನೊಂದು ಜಾಗ ಇದೆ. ಅಲ್ಲಿ 11 ಹಾಕಿದರೆ, 11 ಮತ್ತು ಅದಕ್ಕಿಂತ ಕಮ್ಮಿ ಆಳದ ಅಂಕಿಗಳು ಮಾತ್ರ ದಟ್ಟ ಕಪ್ಪಾಗಿ ಕಾಣ್ತವೆ, ಉಳಿದವು ಮಾಸಲು. ನೀಲಿಯೊಳಗೆ ಯಾವುದು ನಿಜವಾದ ಅಪಾಯ ಅಂತ ಕಣ್ಣಿಂದ ಬೇರ್ಪಡಿಸೋಕೆ ಅದು ನೆರವಾಗುತ್ತೆ. ಆದರೆ ಅಲಾರಂ ಕೊಡೋದು ಕಾಂಟೂರ್, ಡೆಪ್ತ್ ಅಲ್ಲ. ಈ ಎರಡನ್ನ ಒಂದೇ ಅಂದ್ಕೊಂಡಿರೋ ಅಧಿಕಾರಿಗಳನ್ನ ನಾನು ನೋಡಿದೀನಿ. ಶುರುವಿನಲ್ಲಿ ನಾನೂ ಹಾಗೇ ಅಂದ್ಕೊಂಡಿದ್ದೆ.

ನನ್ನ ಕತೆಗೆ ಬರ್ತೀನಿ. ಥರ್ಡ್ ಆಫೀಸರ್ ಆಗಿ ಎರಡನೇ ಹಡಗು. ದಾರಿ ಹಾಕಿದೆ, ರೂಟ್ ಚೆಕ್ ಒತ್ತಿದೆ. ಅದು ಗೆರೆಯನ್ನಷ್ಟೇ ನೋಡಲ್ಲ, ಗೆರೆಯ ಎರಡೂ ಕಡೆ ನೀವು ಹೇಳಿದಷ್ಟು ಅಗಲದ ಪಟ್ಟಿಯನ್ನ ಜಾಲಾಡುತ್ತೆ. ಪರದೆಯಲ್ಲಿ ಆ ಅಗಲದ ಹೆಸರು XTD. ನಾನು ಅರ್ಧ ನಾಟಿಕಲ್ ಮೈಲಿ ಇಟ್ಟಿದ್ದೆ, ಅಂದ್ರೆ ಎರಡೂ ಕಡೆ 900 ಮೀಟರ್ ಚಿಲ್ಲರೆ. ಎಚ್ಚರಿಕೆಗಳ ಪಟ್ಟಿ ಪುಟಗಟ್ಟಲೆ ಬಂತು. ಕೇಬಲ್ ಇದೆ, ಮೀನುಗಾರಿಕೆ ಪ್ರದೇಶ ಇದೆ, ಲಂಗರು ನಿಷೇಧ ಇದೆ, ಆಳ ಇಲ್ಲ, ಆಳ ಇಲ್ಲ, ಆಳ ಇಲ್ಲ. ರಾತ್ರಿ ಹನ್ನೊಂದು ಗಂಟೆ, ಬೆಳಗ್ಗೆ ಆರಕ್ಕೆ ಹಡಗು ಹೊರಡಬೇಕು. ನಾನೇನು ಮಾಡಿದೆ ಗೊತ್ತಾ? XTDಯನ್ನ 0.05ಕ್ಕೆ ಇಳಿಸಿದೆ. ಪಟ್ಟಿ ಆರು ಸಾಲಿಗೆ ಬಂತು. ಸಾಲುಗಳನ್ನ ಓದಿ, ಪ್ರಿಂಟ್ ತೆಗೆದು, ಸಹಿ ಹಾಕಿ ಮಲಗಿದೆ.

ಬೆಳಗ್ಗೆ ನಾಲ್ಕೂವರೆಗೆ ಕ್ಯಾಪ್ಟನ್ ಎಬ್ಬಿಸಿದರು. ಬೈಯಲಿಲ್ಲ. "ನೀನು ಅಪಾಯ ಕಮ್ಮಿ ಮಾಡಿಲ್ಲಪ್ಪ, ಟಾರ್ಚಿನ ಬೆಳಕು ಕಮ್ಮಿ ಮಾಡಿದೀಯ" ಅಂದರು. ಕುರ್ಚಿ ಎಳೆದುಕೊಂಡು ಕೂತರು. ಅದರ ಮುಂದಿನದ್ದನ್ನ ಕೊನೆಗೆ ಹೇಳ್ತೀನಿ, ಉಳಿದದ್ದನ್ನ ಬೇಗ ಮುಗಿಸೋಣ, ಮಾತು ಉದ್ದ ಆಯ್ತು.

ವೇಪಾಯಿಂಟ್. ಅದು ಹಡಗು ತಿರುಗೋ ಜಾಗ ಅಲ್ಲ, ಎರಡು ಗೆರೆ ಸೇರೋ ಜಾಗ. ಹಡಗು ಬಸ್ಸಿನ ಹಾಗೆ ಮೂಲೆಯಲ್ಲಿ ತಿರುಗಲ್ಲ. ಅರ್ಧ ಮೈಲಿ ತ್ರಿಜ್ಯದಲ್ಲಿ 60 ಡಿಗ್ರಿ ತಿರುಗಬೇಕಾದರೆ ವೇಪಾಯಿಂಟಿಗೆ ಸುಮಾರು 0.3 ಮೈಲಿ ಮೊದಲೇ ತಿರುವು ಶುರುವಾಗಬೇಕು. ಚುಕ್ಕಾಣಿ ತಿರುಗಿಸಿದ ಮೇಲೆ ಹಡಗು ಮಾತು ಕೇಳೋಕೆ ಹಿಡಿಯೋ ದೂರ ಅದಕ್ಕೆ ಸೇರಿಸಬೇಕು. ಆ ಬಾಗಿದ ದಾರಿ ಒಳಮಗ್ಗುಲನ್ನ ಕತ್ತರಿಸಿಕೊಂಡು ಹೋಗುತ್ತೆ, ಹಾಗಾಗಿ ಒಳಮಗ್ಗುಲಲ್ಲಿ ಏನಿದೆ ಅಂತ ನೋಡದೆ ವೇಪಾಯಿಂಟ್ ಇಡಬಾರದು.

ನಕ್ಷೆಯನ್ನೇ ಎಷ್ಟು ನಂಬಬೇಕು? ಪರದೆಯಲ್ಲಿ ನಕ್ಷತ್ರದ ಗುರುತುಗಳಿವೆ. ಆರು ನಕ್ಷತ್ರ ಇದ್ದರೆ ಸ್ಥಾನ 5 ಮೀಟರ್, ಜೊತೆಗೆ ಆಳದ ಶೇಕಡಾ 5ರಷ್ಟು ಆಚೀಚೆ. ಮೂರು ನಕ್ಷತ್ರಕ್ಕೆ ಬಂದರೆ 500 ಮೀಟರ್ ಆಚೀಚೆ, ಆಳದಲ್ಲೂ 2 ಮೀಟರಿಗಿಂತ ಹೆಚ್ಚು ತಪ್ಪಿರಬಹುದು. ಅಂಥ ಕಡೆ ನಾವು ಮಾಡಿದ 10.7ರ ಲೆಕ್ಕಕ್ಕೆ ಕನಿಷ್ಠ ಆ ಎರಡು ಮೀಟರನ್ನಾದರೂ ಸೇರಿಸಬೇಕು.

ಇನ್ನು ಅಲಾರಂನ ಮುನ್ನೋಟ. ಹಡಗಿನ ಮುಂದೆ ಎಷ್ಟು ನಿಮಿಷದ ದೂರವನ್ನ ಯಂತ್ರ ನೋಡ್ತಿರಬೇಕು ಅಂತ ನೀವೇ ಹೇಳಬೇಕು. 12 ನಾಟ್ ವೇಗದಲ್ಲಿ 6 ನಿಮಿಷ ಅಂದ್ರೆ 1.2 ಮೈಲಿ. ಒಂದು ನಿಮಿಷ ಇಟ್ಟರೆ 370 ಮೀಟರ್, ಅಷ್ಟರಲ್ಲಿ ದೊಡ್ಡ ಹಡಗು ನಿಲ್ಲಲ್ಲ. ತೆರೆದ ಸಮುದ್ರಕ್ಕೆ ಒಂದು, ಬಂದರಿನ ಕಾಲುವೆಗೆ ಒಂದು ಅಂತ ಬೇರೆ ಬೇರೆ ಇಡಬೇಕು. ಅದನ್ನ ಯಾವ ವೇಪಾಯಿಂಟಿನಲ್ಲಿ ಬದಲಿಸೋದು ಅಂತ ಯೋಜನೆಯಲ್ಲೇ ಬರೆದಿಡಬೇಕು. ಶಬ್ದ ಬರುತ್ತಾ ಅಂತ ಬಂದರಿನಲ್ಲೇ ಒಮ್ಮೆ ಹೊಡೆಸಿ ಕೇಳಬೇಕು. ಓವಿಟ್‌ನಲ್ಲಿ ಇದೊಂದು ಮಾಡಿದ್ದರೂ ಶಬ್ದ ಇಲ್ಲ ಅಂತ ಅಲ್ಲೇ ಗೊತ್ತಾಗ್ತಿತ್ತು.

ಇದೆಲ್ಲ ಬರೀ ಕಾಗದದ ಶಿಸ್ತು ಅನ್ನೋರಿಗೆ ಒಂದು ಕೋರ್ಟಿನ ತೀರ್ಪು. 2011ರ ಮೇ 17ರಂದು ಸಿಎಂಎ ಸಿಜಿಎಂ ಲಿಬ್ರಾ ಅನ್ನೋ ಕಂಟೇನರ್ ಹಡಗು ಚೀನಾದ ಶಿಯಾಮೆನ್‌ನಿಂದ ಹೊರಡುವಾಗ ಬೋಯೆ ಹಾಕಿದ ದಾರಿ ಬಿಟ್ಟು ಹೊರಗೆ ಹೋಗಿ ನೆಲ ಕಚ್ಚಿತು. ಆ ದಾರಿಯ ಹೊರಗೆ ನಕ್ಷೆಯಲ್ಲಿ ತೋರಿಸಿದ್ದಕ್ಕಿಂತ ಆಳ ಕಮ್ಮಿ ಅಂತ ತಿಂಗಳುಗಳ ಹಿಂದೆಯೇ ನಾವಿಕರಿಗೆ ಸೂಚನೆ ಬಂದಿತ್ತು. ಹಡಗಿನ ಯೋಜನೆಯಲ್ಲಿ, ನಕ್ಷೆಯಲ್ಲಿ ಅದನ್ನ ಯಾರೂ ಬರೆದಿರಲಿಲ್ಲ. ಮಾಲೀಕರು ಇದು ನಾವಿಕನ ತಪ್ಪು, ಹಡಗಿನದ್ದಲ್ಲ ಅಂತ ವಾದಿಸಿದರು. 2021ರ ನವೆಂಬರ್‌ನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಯೋಜನೆ ದೋಷಪೂರಿತವಾಗಿದ್ದರೆ ಹೊರಡುವಾಗಲೇ ಹಡಗು ಯಾನಕ್ಕೆ ಯೋಗ್ಯ ಅಲ್ಲ ಅಂತು. ತಳದಲ್ಲಿ ತೂತಿರೋ ಹಡಗಿಗೂ ಅದೇ ಪದ.

ಈಗ ನನ್ನ ಕ್ಯಾಪ್ಟನ್ ಹತ್ತಿರ ವಾಪಸ್. ಅವರು XTDಯನ್ನ ಮತ್ತೆ ಅರ್ಧ ಮೈಲಿಗೆ ಏರಿಸಿದರು. ನಕ್ಷೆಯನ್ನ ಅದರ ಸ್ವಂತ ಅಳತೆಗೆ ಹಿಗ್ಗಿಸಿದರು. ದೂರದಿಂದ ನೋಡಿದರೆ ಎಕ್ಡಿಸ್ ಎಷ್ಟೋ ಅಂಕಿಗಳನ್ನ ಪರದೆಯಿಂದ ಮರೆ ಮಾಡುತ್ತೆ, ಗಿಜಿಗಿಜಿ ಆಗದಿರಲಿ ಅಂತ. ಆಮೇಲೆ ಒಂದೊಂದೇ ಗೆರೆಯ ಮೇಲೆ ಬೆರಳಿಟ್ಟು, ಬಂದರಿನ ಕಟ್ಟೆಯಿಂದ ಕಟ್ಟೆಯವರೆಗೆ ಹೋದರು. ಕೇಬಲ್, ಬಿಡು. ಮೀನುಗಾರಿಕೆ, ಬಿಡು. ನಾಲ್ಕನೇ ಪುಟದ ನಡುವೆ ಒಂದು ಸಾಲು: ಮುಳುಗಿದ ಹಳೇ ಹಡಗು, ಅದರ ಮೇಲೆ 8.4 ಮೀಟರ್ ನೀರು, ನಾನು ಹಾಕಿದ ಗೆರೆಯಿಂದ 0.3 ಮೈಲಿ. ನಮ್ಮ ಹಡಗು ಆ ಸಲ 9 ಮೀಟರಿಗೂ ಹೆಚ್ಚು ಮುಳುಗಿತ್ತು, ಅಲ್ಲಿ ಪ್ರವಾಹ ಗೆರೆಗೆ ಅಡ್ಡ ಹರೀತಿತ್ತು.

ವೇಪಾಯಿಂಟನ್ನ ಮುಕ್ಕಾಲು ಮೈಲಿ ದಕ್ಷಿಣಕ್ಕೆ ಸರಿಸಿ, ರೂಟ್ ಚೆಕ್ ಮತ್ತೆ ಓಡಿಸಿ, ನನ್ನ ಹಳೇ ಪ್ರಿಂಟನ್ನ ಹರಿದು ಬುಟ್ಟಿಗೆ ಹಾಕಿದರು. ಪೈಲಟ್ ಹತ್ತೋ ಹೊತ್ತಿಗೆ ಇನ್ನೂ ಹತ್ತು ನಿಮಿಷ ಉಳಿದಿತ್ತು.