ಯಾರದೋ ಮಗು, ಯಾರದೋ ನಂಬರು

ಅರಳಗುಪ್ಪೆಯಲ್ಲಿ ಅಟ್ಟದಿಂದ ಕೊಬ್ಬರಿಕಾಯಿ ಇಳಿಸುತ್ತಿದ್ದೆವು. ವಾಟ್ಸ್‌ಆ್ಯಪ್ ಗುಂಪಿಗೊಂದು ಮನವಿ ಬಂತು: ಮಗುವಿನ ಫೋಟೊ, ಆಪರೇಷನ್ನಿಗೆ ಎಂಟು ಲಕ್ಷ, ಕೆಳಗೊಂದು ಫೋನ್‌ಪೇ ನಂಬರು. ಕಳಿಸಿದವರು ಯಾವುದೋ ಮದುವೆಯಲ್ಲಿ ಒಮ್ಮೆ ಸಿಕ್ಕವರು. ಫೋನ್ ಮಾಡಿದೆ.

"ಮಗು ಯಾರದಣ್ಣ?"

"ಗೊತ್ತಿಲ್ಲ ಕಣಣ್ಣ, ನಂಗೂ ಬಂದಿತ್ತು, ಹಾಕ್ದೆ."

ಆಸ್ಪತ್ರೆಯ ಹೆಸರಿಲ್ಲ, ತಾರೀಖಿಲ್ಲ. ಹಣ ಹೋಗುವುದು ಆಸ್ಪತ್ರೆಯ ಖಾತೆಗಲ್ಲ, ಯಾರದೋ ಸ್ವಂತ ಖಾತೆಗೆ. ಇಂಥ ಮನವಿ ಮಗು ಗುಣವಾದ ಮೇಲೂ ವರ್ಷಗಟ್ಟಲೆ ಸುತ್ತುತ್ತಿರಬಹುದು.

"ನಾನು ದುಡ್ಡು ಹಾಕಲ್ಲಣ್ಣ" ಅಂದೆ. ನೆಪ ಹೇಳಲಿಲ್ಲ. "ಮನೆಯವರು ಸಿಕ್ಕರೆ, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ವಿಚಾರಿಸೋಕೆ ಹೇಳಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತೆ."

ಮರದಿಂದ ಬಿದ್ದ ಪಕ್ಕದ ಮನೆಯವನಿಗೆ ಹಣ ಕೊಟ್ಟದ್ದು ನಾಲಿಗೆ ತುದಿಗೆ ಬಂತು, ಹೇಳಲಿಲ್ಲ. ಬೇಡವೆನ್ನಲು ದಾನದ ಲೆಕ್ಕ ಒಪ್ಪಿಸಬೇಕೇ? ಫೋನಿಟ್ಟು ಕಾಯಿ ಸುಲಿಯಲು ಕೂತೆ.