ವಾರ್ಡಿನ ಅಲಮಾರಿಯಲ್ಲಿ ಗ್ಲೌಸ್ ಎಷ್ಟಿರಬೇಕು? ಪಾರ್ ಲೆವೆಲ್ ಹಾಕೋ ಲೆಕ್ಕ

ಇವತ್ತಿನ ಮಾತು ಡಾಕ್ಟರ್ ಬಗ್ಗೆ ಅಲ್ಲ, ದೊಡ್ಡ ಮಷಿನ್ ಬಗ್ಗೆನೂ ಅಲ್ಲ. ವಾರ್ಡಿನ ಮೂಲೆಯಲ್ಲಿ ನಿಂತಿರುವ ಒಂದು ಅಲಮಾರಿ ಬಗ್ಗೆ. ಗ್ಲೌಸ್, ಗಾಜ್, ಬ್ಯಾಂಡೇಜ್, ಪ್ಲಾಸ್ಟರ್ ಇಡೋ ಅಲಮಾರಿ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯಿಂದ ಕೇಳ್ತಿರೋರಲ್ಲಿ ನರ್ಸಿಂಗ್, ಫಾರ್ಮಸಿ ಓದ್ತಿರೋರು ಇದ್ದೀರಿ. ಪೇಷಂಟ್ ಜೊತೆ ಆಸ್ಪತ್ರೆಯಲ್ಲಿ ರಾತ್ರಿ ಕಳೆದೋರೂ ಇರ್ತೀರಿ. "ಗ್ಲೌಸ್ ಮುಗದಾವ್ರಿ, ಹೊರಗಿನ ಮೆಡಿಕಲ್‌ದಾಗ ಎರಡು ಜೊತಿ ತೊಗೊಂಡ್ ಬರ್ರಿ" ಅನ್ನೋ ಮಾತು ಎಲ್ಲೋ ಒಂದು ಕಡೆ ಕಿವಿಗೆ ಬಿದ್ದಿರ್ತದೆ. ಅಂಥ ರಾತ್ರಿ ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೆ ಪಟ್ಟಿ ಬದಲಾಯಿಸೋದು ಬೆಳಗ್ಗೆಗೆ ಹೋಗ್ತದೆ. ಇಲ್ಲಾಂದ್ರೆ ಒಬ್ಬ ಪೇಷಂಟ್ ಮುಟ್ಟಿದ ಗ್ಲೌಸಲ್ಲೇ ಇನ್ನೊಬ್ಬರನ್ನು ಮುಟ್ಟೋ ಪರಿಸ್ಥಿತಿ ಬರ್ತದೆ. ಎರಡನೇದು ಹೆಚ್ಚು ಅಪಾಯ, ಯಾಕಂದ್ರೆ ಅದು ಯಾವ ರಿಜಿಸ್ಟರ್‌ನಲ್ಲೂ ಕಾಣಿಸೋದಿಲ್ಲ.

ಇದರಲ್ಲಿ ನನಗೆ ಮುಖ್ಯ ಅನ್ನಿಸೋ ಸಂಗತಿ ಬೇರೆ. ಎಷ್ಟೋ ಸಲ ಗ್ಲೌಸ್ ಆಸ್ಪತ್ರೆಯಲ್ಲೇ ಇರ್ತಾವೆ. ಕೆಳಗಿನ ಸ್ಟೋರ್‌ನಲ್ಲಿ ಡಬ್ಬಿಗಟ್ಟಲೆ ಇರ್ತಾವೆ, ಆದ್ರೆ ಸ್ಟೋರಿಗೆ ಬೀಗ ಬಿದ್ದಿರ್ತದೆ. ಕೀಲಿ ಇರೋದು ಫಾರ್ಮಸಿಸ್ಟ್ ಹತ್ರ, ಅವರ ಡ್ಯೂಟಿ ಸಂಜೆಗೆ ಮುಗಿದಿದೆ. ಅಂದ್ರೆ ಕೊರತೆ ಇರೋದು ಮಾಲಿನದ್ದಲ್ಲ, ಲೆಕ್ಕದ್ದು. ಆ ಲೆಕ್ಕಕ್ಕೆ ಪಾರ್ ಲೆವೆಲ್ ಅಂತಾರೆ. ಸ್ಟೋರ್‌ನಿಂದ ಮಾಲು ತಂದು ಅಲಮಾರಿ ತುಂಬಿದ ಮೇಲೆ, ಬಾಗಿಲು ಹಾಕೋ ಹೊತ್ತಿಗೆ ಒಂದೊಂದು ವಸ್ತು ಎಷ್ಟಿರಬೇಕು ಅನ್ನೋ ಸಂಖ್ಯೆ ಅದು. ಈ ಭರ್ತಿಯಿಂದ ಮುಂದಿನ ಭರ್ತಿ ತನಕ, ಎಂಥ ಕೆಟ್ಟ ದಿನ ಬಂದ್ರೂ ಅದು ಸಾಲಬೇಕು.

ಒಂದು ವಾರ್ಡ್ ಇಟ್ಟುಕೊಂಡೇ ಲೆಕ್ಕ ಮಾಡೋಣ. ಇದು ಯಾವ ಊರಿನದೂ ಅಲ್ಲ, ತಿಳಿಸೋದಕ್ಕೆ ಅಂತ ನಾನೇ ಕಟ್ಟಿದ ವಾರ್ಡು, ಅಂಕಿಗಳೂ ನನ್ನವೇ. ತಾಲ್ಲೂಕು ಆಸ್ಪತ್ರೆ, 30 ಹಾಸಿಗೆಯ ಸರ್ಜಿಕಲ್ ವಾರ್ಡ್. ಸೋಮವಾರ ಮತ್ತು ಗುರುವಾರ ಇಂಡೆಂಟ್ ಬರೆದು ಸ್ಟೋರ್‌ನಿಂದ ಮಾಲು ತರ್ತಾರೆ. ತಪಾಸಣೆಯ ಗ್ಲೌಸ್, ಮೀಡಿಯಂ ಸೈಜ್, ಒಂದು ಡಬ್ಬಿಯಲ್ಲಿ 100 ಗ್ಲೌಸ್.

ಮೊದಲ ಕೆಲಸ 14 ದಿನ ಎಣಿಸೋದು. ದಿನಾ ಬೆಳಗ್ಗೆ ಒಂದೇ ಹೊತ್ತಿಗೆ, ನಿನ್ನೆ ಎಷ್ಟು ಇತ್ತು, ಇವತ್ತು ಎಷ್ಟು ಉಳಿದಿದೆ ಅಂತ ಬರೀಬೇಕು. ಇಂಡೆಂಟ್ ಪುಸ್ತಕ ನೋಡಿ ಲೆಕ್ಕ ಮಾಡ್ಬೇಡ್ರಿ. ಅದರಲ್ಲಿರೋದು ಸ್ಟೋರ್‌ನವರು ಕೊಟ್ಟಿದ್ದು, ವಾರ್ಡ್ ಖರ್ಚು ಮಾಡಿದ್ದಲ್ಲ. ಎಣಿಸೋ ಮುಂಚೆ ಡ್ರೆಸ್ಸಿಂಗ್ ಟ್ರಾಲಿಯ ಕೆಳಗಿನ ಡ್ರಾಯರ್, ಸಿಸ್ಟರ್‌ಗಳ ಲಾಕರ್, ಕಿಟಕಿ ಮೇಲಿನ ರಟ್ಟಿನ ಡಬ್ಬಿ, ಎಲ್ಲಾ ತೆಗೆದು ಒಂದೇ ಕಡೆ ಇಡ್ರಿ. ಮುಚ್ಚಿಟ್ಟಿದ್ದು ಸಿಕ್ಕೇ ಸಿಗ್ತದೆ. ಅದಕ್ಕೆ ಯಾರನ್ನೂ ಬೈಯೋದು ಬೇಡ. ರಾತ್ರಿ ಖಾಲಿ ಅಲಮಾರಿ ಕಂಡ ಸಿಸ್ಟರ್ ನಾಲ್ಕು ಜೊತೆ ತೆಗೆದಿಟ್ಟುಕೊಂಡಿರ್ತಾರೆ, ಅಷ್ಟೇ. ಪಾರ್ ಸರಿಯಾದ ಮೇಲೆ ಆ ಅಭ್ಯಾಸ ತಾನಾಗೇ ಕಮ್ಮಿ ಆಗ್ತದೆ.

ನಮ್ಮ ವಾರ್ಡಿನಲ್ಲಿ 14 ದಿನಕ್ಕೆ ಒಟ್ಟು 960 ಗ್ಲೌಸ್ ಖರ್ಚಾಗಿದೆ ಅಂದುಕೊಳ್ರಿ. 14ರಿಂದ ಭಾಗಿಸಿದ್ರೆ ದಿನಕ್ಕೆ ಸುಮಾರು 69. ಗುರುವಾರದಿಂದ ಸೋಮವಾರಕ್ಕೆ 4 ದಿನ. 69ನ್ನು 4ರಿಂದ ಗುಣಿಸಿದ್ರೆ 276, ಅಂದ್ರೆ 3 ಡಬ್ಬಿ ಸಾಕು ಅಂತ ಕಾಣ್ತದೆ. ಬಹಳ ಕಡೆ ಲೆಕ್ಕ ಇಲ್ಲೇ ನಿಲ್ತದೆ, ಭಾನುವಾರ ರಾತ್ರಿ ಅಲಮಾರಿ ಖಾಲಿ ಆಗ್ತದೆ.

ಯಾಕೆ ಅಂತ ಪುಸ್ತಕ ಇನ್ನೊಂದು ಸಲ ತೆರೆದು ನೋಡೋಣ. ಆ 14 ದಿನದಲ್ಲಿ ಎರಡು ದಿನ ಗ್ಲೌಸ್ ಮುಗಿದೇ ಹೋಗಿತ್ತು. ಒಂದು ದಿನ 20 ಅಂತ ಬರೆದಿದೆ, ಮರುದಿನ ಸೊನ್ನೆ. ಆ ಸೊನ್ನೆ ಅಂದ್ರೆ ಆವತ್ತು ಯಾರಿಗೂ ಗ್ಲೌಸ್ ಬೇಕಾಗಿರಲಿಲ್ಲ ಅಂತಲ್ಲ. ಬೇಕಾಗಿತ್ತು, ಇರಲಿಲ್ಲ. ಅದನ್ನೂ ಸರಾಸರಿಗೆ ಸೇರಿಸಿದ್ರೆ ಖರ್ಚು ಕಮ್ಮಿ ಕಾಣ್ತದೆ, ಪಾರ್ ಇಳೀತದೆ, ಮುಂದಿನ ಸಲ ಇನ್ನೂ ಬೇಗ ಖಾಲಿ ಆಗ್ತದೆ. ಆವಾಗ ಮತ್ತೆರಡು ಸೊನ್ನೆ ಸೇರ್ತಾವೆ. ಖಾಲಿ ಅಲಮಾರಿ ತನ್ನ ಲೆಕ್ಕವನ್ನ ತಾನೇ ಕೆಡಿಸ್ತಾ ಹೋಗ್ತದೆ. ನನ್ನ ಪ್ರಕಾರ ಪಾರ್ ತಪ್ಪೋದಕ್ಕೆ ಇದಕ್ಕಿಂತ ದೊಡ್ಡ ಕಾರಣ ಇಲ್ಲ.

ಹಾಗಾಗಿ ಆ ಎರಡು ದಿನ ಪೂರ್ತಿ ಬಿಟ್ಟುಬಿಡಿ. ಉಳಿದ 12 ದಿನಕ್ಕೆ 940 ಗ್ಲೌಸ್, ದಿನಕ್ಕೆ 78. ಇನ್ನು ಸರಾಸರಿ ಬಿಟ್ಟು, ಬೆನ್ನುಬೆನ್ನಿಗೆ ಬಂದ ಯಾವ 4 ದಿನಗಳಲ್ಲಿ ಅತಿ ಹೆಚ್ಚು ಖರ್ಚಾಗಿದೆ ಅಂತ ಹುಡುಕ್ರಿ. ನಮ್ಮ ವಾರ್ಡಿನಲ್ಲಿ ಅದು 390 ಇರಲಿ, ಒಂದೇ ದಿನ ಎರಡು ಅಪಘಾತದ ಕೇಸ್ ಬಂದಿದ್ದವು ಅನ್ಕೊಳ್ಳಿ. ಅದಕ್ಕೆ ಒಂದು ದಿನದ ಖರ್ಚು 78 ಕೂಡಿಸ್ರಿ, ಯಾಕಂದ್ರೆ ಸೋಮವಾರ ಸರ್ಕಾರಿ ರಜೆ ಬಂದ್ರೆ ಸ್ಟೋರ್ ತೆಗೆಯೋದು ಮಂಗಳವಾರ. ಒಟ್ಟು 468. ಡಬ್ಬಿ ಲೆಕ್ಕಕ್ಕೆ 5. ಮೊದಲು 3 ಅನ್ನಿಸಿದ್ದು ಈಗ 5 ಆಯ್ತು. ದುಡ್ಡೇನೂ ಹೆಚ್ಚು ಹೋಗಲಿಲ್ಲ, ಸ್ಟೋರ್‌ನಲ್ಲಿದ್ದ ಎರಡು ಡಬ್ಬಿ ವಾರ್ಡಿಗೆ ಬಂದವು, ಅಷ್ಟೇ.

ತುಂಬೋ ವಿಧಾನ ಸರಳ. ಪಾರ್ 5 ಇದ್ದು, ಒಡೆಯದ ಡಬ್ಬಿ 2 ಉಳಿದಿದ್ರೆ, 3 ತರಬೇಕು. ಒಡೆದ ಡಬ್ಬಿಯನ್ನ ಲೆಕ್ಕಕ್ಕೇ ತಗೋಬೇಡಿ. ಅದರಲ್ಲಿ 90 ಇದಾವೋ 9 ಇದಾವೋ ಅಂತ ಯಾರೂ ಎಣಿಸೋದಿಲ್ಲ. "ಪ್ರತಿ ಸಲ 3 ಡಬ್ಬಿ" ಅಂತ ಒಂದೇ ಸಂಖ್ಯೆ ಬರೆಯೋ ಅಭ್ಯಾಸ ಮಾತ್ರ ಬಿಡಬೇಕು. ಹಾಗೆ ಬರೆದ್ರೆ ಒಂದು ವಾರ ಅಲಮಾರಿ ಉಕ್ಕಿ ಹರೀತದೆ, ಇನ್ನೊಂದು ವಾರ ಬರಿದಾಗ್ತದೆ.

ಸೈಜ್ ವಿಷಯಕ್ಕೆ ಬರೋಣ. ಸ್ಟೆರೈಲ್ ಗ್ಲೌಸ್ ಬರೋದು 6.5, 7, 7.5 ಅಂತ ಬೇರೆ ಬೇರೆ ಅಳತೆಯಲ್ಲಿ, ಜೊತೆ ಜೊತೆಯಾಗಿ. ಪುಸ್ತಕದಲ್ಲಿ "ಸ್ಟೆರೈಲ್ ಗ್ಲೌಸ್ 40 ಜೊತೆ" ಅಂತ ಒಂದೇ ಸಾಲು ಇದ್ರೆ ಅದರಿಂದ ಏನೂ ಗೊತ್ತಾಗೋದಿಲ್ಲ. ನಲವತ್ತೂ 6.5 ಆಗಿದ್ರೆ ದೊಡ್ಡ ಕೈಯವರ ಪಾಲಿಗೆ ಅಲಮಾರಿ ಖಾಲಿ ಇದ್ದ ಹಾಗೇ. ಪ್ರತಿ ಸೈಜಿಗೂ ಬೇರೆ ಸಾಲು, ಬೇರೆ ಪಾರ್ ಇರಬೇಕು. ಯಾವುದು ಎಷ್ಟು ಅನ್ನೋದು ಆ ವಾರ್ಡಿನ ಸಿಬ್ಬಂದಿಯ ಕೈ ಮೇಲೆ ಹೋಗ್ತದೆ.

ಡ್ರೆಸ್ಸಿಂಗಿನ ಕಥೆ ಇನ್ನೊಂದು ಥರ. ನಮ್ಮ ಬಹಳಷ್ಟು ಆಸ್ಪತ್ರೆಗಳಲ್ಲಿ ಗಾಜ್ ಬಟ್ಟೆ ಕತ್ತರಿಸಿ, ಮಡಚಿ ಪ್ಯಾಡ್ ಮಾಡಿ, ಸ್ಟೀಲ್ ಡ್ರಮ್ಮಿಗೆ ತುಂಬಿ ಆಟೋಕ್ಲೇವ್ ಮಾಡ್ತಾರೆ. ಡ್ರಮ್ ಒಮ್ಮೆ ತೆರೆದ್ರೆ 24 ಗಂಟೆ ಆದ ಮೇಲೆ ಉಳಿದ ಪ್ಯಾಡ್ ಬಳಸಬಾರದು, ಮತ್ತೆ ಆಟೋಕ್ಲೇವಿಗೆ ಕಳಿಸಬೇಕು ಅನ್ನೋದು ಸಾಮಾನ್ಯ ರೂಢಿ. ಹಾಗಾಗಿ ಇಲ್ಲಿ ಪ್ಯಾಡ್ ಎಣಿಸಿ ಪಾರ್ ಹಾಕಿದ್ರೆ ಕೆಲಸಕ್ಕೆ ಬರೋದಿಲ್ಲ, ಡ್ರಮ್ ಎಣಿಸಬೇಕು. ದೊಡ್ಡದೊಂದು ಡ್ರಮ್ ತುಂಬಿಡೋದಕ್ಕಿಂತ ಒಂದು ದಿನಕ್ಕೆ ಸಾಕಾಗೋ ಸಣ್ಣ ಡ್ರಮ್ 3 ಇಡೋದು ಒಳ್ಳೇದು. ಒಂದು ಬಳಕೆಯಲ್ಲಿ, ಒಂದು ಮುಚ್ಚಿದ್ದು, ಒಂದು ಆಟೋಕ್ಲೇವ್‌ನಲ್ಲಿ. ಮುಚ್ಚಿದ ಡ್ರಮ್ ಇಲ್ಲ ಅಂತಾದ್ರೆ ಅದೇ ಎಚ್ಚರಿಕೆ. ಕರೆಂಟ್ ಹೋಗಿ ಆಟೋಕ್ಲೇವ್ ಒಂದು ದಿನ ನಿಂತ್ರೂ ಆ ಒಂದು ಡ್ರಮ್ ಕೈ ಹಿಡೀತದೆ.

ಈಗ ನಮ್ಮ ಭಾಗದ ರಸ್ತೆ, ಮಳೆ ವಿಷಯ. ಸರ್ಕಾರಿ ಆಸ್ಪತ್ರೆಗಳ ಮಾಲು ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮದ ಕಲಬುರಗಿ ಉಗ್ರಾಣದಿಂದ ಬರ್ತದೆ. ಅಲ್ಲಿ ಸಿಗದಿದ್ರೆ ಆರೋಗ್ಯ ರಕ್ಷಾ ಸಮಿತಿಯ ಹಣದಲ್ಲಿ ಸ್ಥಳೀಯವಾಗಿ ಕೊಳ್ಳೋ ದಾರಿ ಇದೆ. ಶಹಾಬಾದ್, ವಾಡಿಗೆ ಕಲಬುರಗಿ ಹತ್ರ, ಚಿಂಚೋಳಿಗೆ ದೂರ. ಸೇಡಂ ದಾರಿಯಲ್ಲಿ ಕಾಗಿಣಾ ಉಕ್ಕಿದ್ರೆ ಮಳಖೇಡ ಹತ್ರ ರಸ್ತೆಯೇ ಬಂದ್ ಆಗ್ತದೆ. 2020ರ ಅಕ್ಟೋಬರ್‌ನ ಪ್ರವಾಹ ಈ ಭಾಗದವರಿಗೆ ಇನ್ನೂ ನೆನಪಿದೆ.

ಇಷ್ಟು ಕೇಳಿದ ಮೇಲೆ ವಾರ್ಡಿನ ಪಾರ್ ಇನ್ನೂ ಏರಿಸೋಣ ಅನ್ನಿಸ್ತದೆ. ಅದು ಬೇಡ ಅಂತೀನಿ. ವಾರ್ಡಿನ ಪಾರ್ ಕಾಯಬೇಕಾದ್ದು ಸ್ಟೋರ್ ತೆಗೆಯೋ ದಿನಗಳ ನಡುವಿನ ಅಂತರವನ್ನ ಮಾತ್ರ. ಕಲಬುರಗಿಯಿಂದ ಗಾಡಿ ಬರೋ ಅಂತರ, ಮಳೆ, ರಸ್ತೆ, ಇವೆಲ್ಲ ಸ್ಟೋರಿನ ಪಾರ್‌ಗೆ ಸೇರಬೇಕು. ಸ್ಟೋರ್‌ನಲ್ಲೂ ಲೆಕ್ಕ ಅದೇ, ಆದ್ರೆ 4 ದಿನದ ಬದಲು ವಾರಗಳಲ್ಲಿ ಎಣಿಸಬೇಕು, ಜೂನ್‌ಗೆ ಮುಂಚೆ ಏರಿಸಬೇಕು. ಪ್ರತಿ ವಾರ್ಡೂ ತನ್ನ ಅಲಮಾರಿಯಲ್ಲೇ ಮಳೆಗಾಲ ಕೂಡಿಟ್ಟುಕೊಂಡ್ರೆ ಸ್ಟೋರ್ ಬರಿದಾಗ್ತದೆ. ಹೆರಿಗೆ ವಾರ್ಡಿನಲ್ಲಿ ರಾಶಿ ಬಿದ್ದಿರೋ ಡಬ್ಬಿ ಕ್ಯಾಜುವಾಲ್ಟಿಗೆ ಸಿಗೋದಿಲ್ಲ.

ಜಾಸ್ತಿ ಇಟ್ರೆ ಇನ್ನೊಂದು ನಷ್ಟನೂ ಇದೆ. ಮೇ ತಿಂಗಳ ನಮ್ಮ ಬಿಸಿಲು ನಿಮಗೆ ಗೊತ್ತಿದ್ದದ್ದೇ. ಲೇಟೆಕ್ಸ್ ಗ್ಲೌಸ್‌ಗೆ ಬಿಸಿ, ಬಿಸಿಲು ಆಗಿ ಬರೋದಿಲ್ಲ. ತಗಡಿನ ಕೆಳಗೆ, ಕಿಟಕಿ ಪಕ್ಕ ಬಹಳ ದಿನ ಇಟ್ರೆ ಒಂದಕ್ಕೊಂದು ಅಂಟ್ಕೋತಾವೆ, ಹಾಕ್ಕೊಳ್ಳುವಾಗಲೇ ಬೆರಳ ಸಂದಿಯಲ್ಲಿ ಹರೀತಾವೆ. ಹರಿಯೋ ಗ್ಲೌಸ್ ಹೆಚ್ಚಾದ್ರೆ ಖರ್ಚೂ ಹೆಚ್ಚಾಗ್ತದೆ, ಅದನ್ನ ನೋಡಿ ಪಾರ್ ಏರಿಸ್ತಾರೆ, ಮಾಲು ಇನ್ನೂ ಹಳೇದಾಗ್ತದೆ. ಹೊಸ ಡಬ್ಬಿ ಹಿಂದೆ, ಅವಧಿ ಬೇಗ ಮುಗಿಯೋದು ಮುಂದೆ ಇಡ್ರಿ.

ಪಾರ್ ಸರಿ ಇದೆಯೋ ಇಲ್ಲವೋ ಅಂತ ತಿಳಿಯೋದಕ್ಕೆ ಸೋಮವಾರ, ಗುರುವಾರ ತುಂಬೋ ಮುಂಚೆ ಉಳಿದದ್ದನ್ನ ಬರೆದಿಟ್ರೆ ಸಾಕು. ನಮ್ಮ 5 ಡಬ್ಬಿಯ ವಾರ್ಡಿನಲ್ಲಿ ಪ್ರತಿ ಸಲ 3 ಒಡೆಯದೇ ಉಳಿದಿವೆ, ತಿಂಗಳಿಡೀ ಹಾಗೇ ಇದೆ ಅಂದ್ರೆ ಒಂದು ಇಳಿಸಬಹುದು. ತಿಂಗಳಲ್ಲಿ ಎರಡು ಸಲ ಕೊನೇ ಡಬ್ಬಿಯೂ ಒಡೆದಿದ್ರೆ ಒಂದು ಏರಿಸಬೇಕು. ಪೂರ್ತಿ ಮುಗಿಯೋ ತನಕ ಕಾಯೋದು ಬೇಡ. ಕೊನೇ ಡಬ್ಬಿ ಮೇಲೆ ಒಂದು ಕೆಂಪು ಚೀಟಿ ಅಂಟಿಸಿದ್ರೆ, ಅದನ್ನ ಒಡೆಯೋರು ಚೀಟಿ ಕಿತ್ತು ಇಂಡೆಂಟ್ ಪುಸ್ತಕದಲ್ಲಿ ಇಡ್ತಾರೆ. ಇದನ್ನ ಸಂಜೆ, ಸ್ಟೋರ್ ಮುಚ್ಚೋ ಮುಂಚೆ ಒಂದು ಸಲ ನೋಡೋದು ಯಾರ ಕೆಲಸ ಅಂತ ಡ್ಯೂಟಿ ಪಟ್ಟಿಯಲ್ಲೇ ಬರೆದಿರಬೇಕು. ಬೆಳಗ್ಗೆ ನೋಡಿದ್ರೆ ಆ ರಾತ್ರಿ ಆಗಲೇ ಕಳೆದಿರ್ತದೆ.

ಅಲಮಾರಿಯ ಪ್ರತಿ ತಟ್ಟಿಗೆ ಅಂಟಿಸೋ ಚೀಟಿಯಲ್ಲಿ ನಾಲ್ಕೇ ಮಾತು ಸಾಕು: ವಸ್ತುವಿನ ಹೆಸರು, ಸೈಜ್, ಪಾರ್, ಆ ಪಾರ್ ಹಾಕಿದ ತಾರೀಖು. ತಾರೀಖು ಹಳೇದಾಗಿದ್ರೆ, ಹಾಸಿಗೆ ಹೆಚ್ಚಾಗಿದ್ರೆ, ಹೊಸ ಸರ್ಜನ್ ಬಂದಿದ್ರೆ, ಮತ್ತೆ 14 ದಿನ ಎಣಿಸ್ರಿ.